ಗಾಳಿಸುದ್ದಿ ಊರಿಗೆಲ್ಲ ಮುಟ್ಟುತ್ತಾ? ವಿಜ್ಞಾನ ಸಂಘದ ಶನಿವಾರದ ಚೀಟಿ ಆಟ

ಎಂಟು ಮತ್ತು ಒಂಬತ್ತನೇ ತರಗತಿಯ ಸಂಘದ ಮಕ್ಕಳಿಗೆ,

ಹತ್ತು ರೂಪಾಯಿ ನಾಣ್ಯ ಕೊಟ್ಟರೆ ಅಂಗಡಿಯವರು "ಇದು ನಡೆಯಲ್ಲ" ಅಂತ ವಾಪಸ್ ಕೊಡೋದನ್ನು ನೋಡಿದ್ದೀರಿ, ಅಲ್ವಾ? ಅಂಚಿನಲ್ಲಿ ಹತ್ತು ಗೆರೆ ಇದ್ದರೆ ಅಸಲಿ, ಹದಿನೈದು ಇದ್ದರೆ ನಕಲಿ ಅಂತ ಯಾರೋ ಎಬ್ಬಿಸಿದ ಮಾತು ಅದು. ಹತ್ತು ರೂಪಾಯಿ ನಾಣ್ಯದಲ್ಲಿ 14 ವಿನ್ಯಾಸಗಳಿವೆ, ಎಲ್ಲವೂ ಚಲಾವಣೆಯಲ್ಲಿವೆ ಅಂತ ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲೇ ತಿಳಿಸಿತು. ಮಾತು ಮಾತ್ರ ಪೂರ್ತಿ ನಿಲ್ಲಲಿಲ್ಲ.

ಇಂಥ ಸುದ್ದಿ ಎಲ್ಲರಿಗೂ ಮುಟ್ಟುತ್ತಾ? ಆಟಕ್ಕೆ ಮೊದಲೇ ನಿಮ್ಮ ಊಹೆಯನ್ನು ನೋಟ್‌ಬುಕ್‌ನಲ್ಲಿ ಬರೆದಿಡಿ. ನಲವತ್ತು ಜನರಲ್ಲಿ ಕೊನೆಗೂ ಕೇಳದೆ ಉಳಿಯುವವರು ಎಷ್ಟು? ಆಮೇಲೆ ತಿದ್ದುವ ಹಾಗಿಲ್ಲ.

ಡಬ್ಬಿಯಲ್ಲಿ 1ರಿಂದ 40ರವರೆಗಿನ ಚೀಟಿಗಳಿರುತ್ತವೆ. ಒಬ್ಬೊಬ್ಬರಿಗೂ ಒಂದು ನಂಬರು. ಸುದ್ದಿ ಕೇಳದವರು ಕೂತಿರಬೇಕು. ಹಬ್ಬಿಸುವವರು ನಿಂತಿರಬೇಕು. ಸುಮ್ಮನಾದವರು ಹೋಗಿ ಗೋಡೆಗೆ ಒರಗಬೇಕು. ಮೊದಲು ಒಬ್ಬರು ಮಾತ್ರ ನಿಲ್ಲುತ್ತಾರೆ. ನಿಂತವರು ಸರದಿಯಲ್ಲಿ ಬಂದು ಒಂದೊಂದು ಚೀಟಿ ತೆಗೆಯಬೇಕು. ಬಂದ ನಂಬರಿನವರು ಕೂತಿದ್ದರೆ ಅವರಿಗೆ ಸುದ್ದಿ ಮುಟ್ಟಿತು, ಎದ್ದು ನಿಲ್ಲುತ್ತಾರೆ. ಅವರಿಗೆ ಆಗಲೇ ಗೊತ್ತಿದ್ದರೆ? "ಅಯ್ಯೋ, ಇದು ಹಳೇದು ಬಿಡು" ಅನ್ನುತ್ತಾರೆ. ಹೇಳೋಕೆ ಹೋದವರ ಉತ್ಸಾಹ ಇಳಿದು ಅವರು ಗೋಡೆಗೆ ಹೋಗುತ್ತಾರೆ. ನಿಂತವರು ಯಾರೂ ಇಲ್ಲದಾಗ ಆಟ ಮುಗಿಯಿತು.

ತೆಗೆದ ಚೀಟಿಯನ್ನು ಪ್ರತಿ ಸಲವೂ ಡಬ್ಬಿಗೇ ಹಾಕಬೇಕು. ಇದನ್ನು ಮರೆತರೆ ಲೆಕ್ಕವೆಲ್ಲ ಕೆಡುತ್ತೆ. ತನ್ನದೇ ನಂಬರು ಬಂದರೆ ಅದನ್ನು ಎಣಿಸದೆ ಇನ್ನೊಂದು ತೆಗೆಯಿರಿ.

ಹೆಚ್ಚಿನ ಸಲ ಎಂಟರ ಆಸುಪಾಸಿನಲ್ಲಿ ಜನ ಕೂತೇ ಇರುತ್ತಾರೆ. ಒಮ್ಮೆ ಐದು, ಒಮ್ಮೆ ಹನ್ನೊಂದು ಆದೀತು. ಊರು ದೊಡ್ಡದಾದಷ್ಟೂ ಇದು ನೂರಕ್ಕೆ ಸುಮಾರು 20ಕ್ಕೆ ಬಂದು ನಿಲ್ಲುತ್ತೆ. ಯಾಕೆ ಅಂತ ನೋಡೋಣ.

32 ಜನರಿಗೆ ಸುದ್ದಿ ಮುಟ್ಟಿತು ಅಂದುಕೊಳ್ಳಿ. ಮೊದಲನೆಯವರನ್ನು ಬಿಟ್ಟು 31 ಜನರನ್ನು ಎಬ್ಬಿಸೋಕೆ 31 ಚೀಟಿ ಖರ್ಚಾಯಿತು. 32 ಜನರೂ ಒಂದೊಂದು ಸಲ "ಹಳೇದು" ಅನ್ನಿಸಿಕೊಂಡರು, ಅದಕ್ಕೆ 32. ಒಟ್ಟು 63. ಪ್ರತಿ ಚೀಟಿಯೂ ನಿಮ್ಮನ್ನು ತಪ್ಪಿಸಿಕೊಂಡು ಹೋಗುವ ಸಾಧ್ಯತೆ 39ರಲ್ಲಿ 38. ಕ್ಯಾಲ್ಕುಲೇಟರಿನಲ್ಲಿ 38/39 ಅನ್ನು 63 ಸಲ ಗುಣಿಸಿ. 0.19ರ ಹತ್ತಿರ ಬರುತ್ತೆ. 39 ಜನರಲ್ಲಿ ಅದು ಏಳೆಂಟು ಜನ. ಕೂತೇ ಉಳಿದವರು ಜಾಣರು ಅಂತ ಏನೂ ಅಲ್ಲ, ಅವರ ಚೀಟಿ ಬರಲಿಲ್ಲ ಅಷ್ಟೇ.

ಹಬ್ಬಿಸುವವರು ಸುಮ್ಮನಾಗುತ್ತಾರೆ ಅನ್ನುವ ಈ ಯೋಚನೆಯನ್ನು ಗಣಿತಕ್ಕೆ ತಂದವರು ಡೇಲಿ ಮತ್ತು ಕೆಂಡಾಲ್, 1964ರಲ್ಲಿ. ನಾವು ಆಡುವ ನಿಯಮ 1973ರ ಮಾಕಿ ಮತ್ತು ಥಾಂಪ್ಸನ್ ಅವರ ಮಾದರಿಗೆ ಹತ್ತಿರ. ಸಾಂಕ್ರಾಮಿಕ ರೋಗದ ಮಾದರಿ ಇವೆರಡಕ್ಕಿಂತ ಹಳೇದು, 1927ರದ್ದು. ಜ್ವರ ಬಂದವರು ಯಾರನ್ನು ಭೇಟಿಯಾದರೂ, ಬಿಟ್ಟರೂ, ಕೆಲವು ದಿನಕ್ಕೆ ವಾಸಿಯಾಗುತ್ತಾರೆ. ಸುದ್ದಿಯಲ್ಲಿ ಹಾಗಲ್ಲ. ಎದುರಿಗಿರುವವರಿಗೆ ಗೊತ್ತಿದೆ ಅಂತಾದಾಗಲೇ ಬಾಯಿ ಮುಚ್ಚೋದು.

ಎರಡನೇ ಸುತ್ತಿನಲ್ಲಿ ಹಟಮಾರಿಗಳಾಗಿ. ಎರಡು ಸಲ "ಹಳೇದು" ಅನ್ನಿಸಿಕೊಂಡ ಮೇಲೇ ಗೋಡೆಗೆ ಹೋಗಿ. ಆಗ ಕೂತಿರುವವರು ಎರಡು ಮೂರು ಜನಕ್ಕೆ ಇಳಿಯಬೇಕು. ಮೂರನೇ ಸುತ್ತಿನಲ್ಲಿ ಐದು ಜನ "ನಿನಗೆ ಯಾರು ಹೇಳಿದ್ದು?" ಅಂತ ಕೇಳುವವರು. ಅವರ ಚೀಟಿ ಬಂದರೆ ಸುದ್ದಿ ಮುಂದಕ್ಕೆ ಹೋಗಲ್ಲ, ಹೇಳಿದವರೂ ಗೋಡೆಗೆ. ಇದರ ಉತ್ತರ ನಾನು ಹೇಳಲ್ಲ. ಮೊಬೈಲ್ ಸುತ್ತು ಬೇಕು ಅಂದರೆ ಒಂದೇ ಸಲಕ್ಕೆ ಐದು ಚೀಟಿ ತೆಗೆಯಿರಿ. 2018ರಲ್ಲಿ ವಾಟ್ಸಾಪ್ ಭಾರತದಲ್ಲಿ ಫಾರ್ವರ್ಡ್‌ಗೆ ಹಾಕಿದ ಮಿತಿ ಐದೇ.

ಡಬ್ಬಿಗೂ ನಮ್ಮ ಊರಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಡಬ್ಬಿಯಲ್ಲಿ ಯಾರು ಯಾರಿಗೆ ಬೇಕಾದರೂ ಸಿಗುತ್ತಾರೆ. ಊರಲ್ಲಿ ಮೇಲಿನ ಓಣಿಯವರು ಕೆಳಗಿನ ಓಣಿಯವರಿಗೆ ಸಿಗೋದು ಹಾಲಿನ ಡೈರಿಯಲ್ಲೋ ಸಂತೆಯಲ್ಲೋ. ಮುಂದಿನ ತಿಂಗಳು ಎರಡು ಡಬ್ಬಿ ಇಟ್ಟು, ಎರಡೂ ಕಡೆ ಓಡಾಡುವ ಡೈರಿ ಕಾರ್ಯದರ್ಶಿಯನ್ನು ಒಬ್ಬರನ್ನೇ ಇಟ್ಟುಕೊಂಡು ಆಡಿ ನೋಡೋಣ.

ಒಂದು ಕಟ್ಟುನಿಟ್ಟು: ಪ್ರಯೋಗ ಅಂತ ನಿಜವಾದ ಸುಳ್ಳನ್ನು ಊರಲ್ಲಿ ಬಿಡಬೇಡಿ. ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನುವ ಸುದ್ದಿ ನಂಬಿ 2018ರಲ್ಲಿ ಬೀದರ್ ಜಿಲ್ಲೆಯಲ್ಲಿ ಜನ ಒಬ್ಬರನ್ನು ಹೊಡೆದು ಕೊಂದರು. ಆಟದಲ್ಲೂ ಯಾರ ಮನೆಯ ವಿಷಯವೂ ಬೇಡ, ನಾಣ್ಯದ ಸುದ್ದಿಯೇ ಸಾಕು.

ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಪ್ರಯೋಗಾಲಯದ ಪಕ್ಕದ ಕೋಣೆಗೆ ಬನ್ನಿ. ಎಂಟನೆಯವರು ಹಳೇ ಕ್ಯಾಲೆಂಡರ್ ಕತ್ತರಿಸಿ ಚೀಟಿ ಮಾಡಿ ತನ್ನಿ. ಒಂಬತ್ತನೆಯವರಲ್ಲಿ ಇಬ್ಬರು ಬೋರ್ಡಿನ ಮೇಲೆ ಪ್ರತಿ ಹತ್ತು ಚೀಟಿಗೊಮ್ಮೆ ಕೂತವರು, ನಿಂತವರು, ಒರಗಿದವರು ಎಷ್ಟು ಅಂತ ಬರೆಯಬೇಕು. ಮೂರೂ ಕೂಡಿದರೆ ನಲವತ್ತೇ ಬರಬೇಕು. ಬರದಿದ್ದರೆ ಯಾರೋ ನೀರು ಕುಡಿಯೋಕೆ ಹೋಗಿದ್ದಾರೆ ಅಂತ ಅರ್ಥ.

ನಿಮ್ಮ ವಿಜ್ಞಾನ ಮೇಷ್ಟ್ರು