ಖಣಕ್ಕೆ ಅಂಬ್ರೆಲಾ ಕಟ್ ಯಾಕೆ ಬೇಡ ಅಂದೆ

ಧಾರವಾಡ
18 ಅಕ್ಟೋಬರ್ 2025

ಪ್ರೀತಿಯ ವಿದ್ಯಾ ಅವರಿಗೆ,

ನಮಸ್ಕಾರ. ನಿಶ್ಚಿತಾರ್ಥಕ್ಕೆ ನಿಮ್ಮ ಖಣದಲ್ಲಿ ಅಂಬ್ರೆಲಾ ಗೌನ್ ಹೊಲಿದುಕೊಡಿ ಅಂತ ಕೇಳಿದ್ದಕ್ಕೆ ನಿನ್ನೆ ಫೋನಿನಲ್ಲಿ "ಇದು ಆಗಲ್ಲ" ಅಂತ ಒಂದೇ ಮಾತು ಹೇಳಿ ಇಟ್ಟುಬಿಟ್ಟೆ. ನಿಮಗೆ ಬೇಜಾರಾಗಿರಬೇಕು. ದೀಪಾವಳಿ ಎದುರಿಗೇ ಇದೆ, ಅಂಗಡಿ ತುಂಬ ಜನ, ಮೂರು ಮಷೀನಿನ ಸದ್ದು. ಅದರ ನಡುವೆ ಬಟ್ಟೆಯ ವಿಷಯ ಬಿಡಿಸಿ ಹೇಳಲು ಆಗಲಿಲ್ಲ. ಈಗ ರಾತ್ರಿ ಹತ್ತೂವರೆ, ಹುಡುಗಿಯರು ಮನೆಗೆ ಹೋಗಿದ್ದಾರೆ, ಕೂತು ಬರೆಯುತ್ತಿದ್ದೇನೆ. ನಾಳೆ ನಿಮ್ಮ ಅವ್ವಾರು ಬೆಂಗಳೂರಿಗೆ ಹೊರಟಿದ್ದಾರಲ್ಲ, ಅವರ ಕೈಯಲ್ಲೇ ಕೊಡುತ್ತೇನೆ. ಜೊತೆಗೆ ಮೂರು ಸಣ್ಣ ತುಂಡುಗಳಿಗೆ ಪಿನ್ ಹಾಕಿದ್ದೇನೆ. ಓದುವಾಗ ಅವನ್ನು ಕೈಯಲ್ಲಿ ಹಿಡಿದುಕೊಳ್ಳಿ.

ಗಾಬರಿ ಬೇಡ, ನಿಮ್ಮ ಬಟ್ಟೆಗೆ ಕತ್ತರಿ ಹಾಕಿಲ್ಲ. ಅವುಗಳಲ್ಲಿ ಖಣದ ಎರಡು ತುಂಡು ನಮ್ಮ ಚಿಂದಿ ಚೀಲದವು. ಯಾರದೋ ಕುಪ್ಪಸದಲ್ಲಿ ಉಳಿದದ್ದು.

ನೀವು ತಂದ ಬಟ್ಟೆ ಚೆನ್ನಾಗಿದೆ. ಸುಮ್ನೆ ಹೇಳುತ್ತಿಲ್ಲ. ಗುಳೇದಗುಡ್ಡದ ಖಣ ಅಂತ ಹೇಳಿ ಮಿಕ್ಸ್ ಬಟ್ಟೆ ಮಾರುವವರು ಈಗ ಜಾಸ್ತಿ. ಹಾಗಾಗಿ ಅಂಚಿನಲ್ಲಿ ಬಿಚ್ಚಿಕೊಂಡಿದ್ದ ಎಳೆ ತೆಗೆದು ಸುಟ್ಟು ನೋಡಿದೆ. ಉದ್ದದ ಎಳೆ ಕೂದಲು ಸುಟ್ಟ ವಾಸನೆ ಬಂತು, ಅದು ರೇಷ್ಮೆ. ಅಡ್ಡದ ಎಳೆ ಕಾಗದ ಸುಟ್ಟ ವಾಸನೆ, ಅದು ಹತ್ತಿ. ಹಾಸು ರೇಷ್ಮೆ, ಹೊಕ್ಕು ಹತ್ತಿ. ಪ್ಲಾಸ್ಟಿಕ್ಕಿನ ಹಾಗೆ ಗಂಟು ಕಟ್ಟಲಿಲ್ಲ. ನಿಮ್ಮ ಅವ್ವಾರು ಕೊಟ್ಟ ದುಡ್ಡಿಗೆ ಮೋಸ ಆಗಿಲ್ಲ.

ನೀವು ಕಳಿಸಿದ ಫೋಟೋದ ಗೌನ್ ಕೂಡ ಚೆಂದ. ಮೈಗೆ ಹತ್ತಿದ ಮೇಲ್ಭಾಗ, ಹಿಂದೆ ಚೈನು, ಕೆನೆ ಬಣ್ಣದ ನೆಟ್ ತೋಳು, ಸೊಂಟದಿಂದ ಕೆಳಗೆ ಪೂರ್ತಿ ಅಂಬ್ರೆಲಾ. ಅಂಥ ಗೌನ್ ನಾನು ಎಷ್ಟೋ ಹೊಲಿದಿದ್ದೇನೆ. ತೊಂದರೆ ಇರುವುದು ಇವೆರಡನ್ನೂ ಜೋಡಿಸುವುದರಲ್ಲಿ. ಫೋಟೋದಲ್ಲಿರುವುದು ಜಾರ್ಜೆಟ್. ನಿಮ್ಮದು ಖಣ.

ಮೊದಲು ಪನ್ನಾದ, ಅಂದರೆ ಬಟ್ಟೆಯ ಅಗಲದ ಲೆಕ್ಕ. ಖಣ ಅಂದರೆ ಮೊದಲಿನಿಂದಲೂ ಕುಪ್ಪಸದ ಬಟ್ಟೆ, ಇಳಕಲ್ ಸೀರೆಯ ಜೋಡಿ. ಕುಪ್ಪಸಕ್ಕೆ ಎಷ್ಟು ಅಗಲ ಸಾಕೋ ಅಷ್ಟೇ ನೇಯುತ್ತಿದ್ದರು. ನಿಮ್ಮದನ್ನು ಮೂರು ಕಡೆ ಟೇಪು ಹಿಡಿದು ನೋಡಿದೆ, ಪನ್ನಾ 31 ಇಂಚು. ಈಗ ಅಂಬ್ರೆಲಾ ನೋಡಿ. ಅದು ಒಂದು ದೊಡ್ಡ ಚಕ್ರ, ನಡುವೆ ಸೊಂಟದ ತೂತು. ನಿಮ್ಮ ಸೊಂಟ 30 ಇಂಚು. ಅದಕ್ಕೆ ನಡುವಿನಿಂದ ಸುಮಾರು ನಾಲ್ಕು ಮುಕ್ಕಾಲು ಇಂಚು ಬಿಟ್ಟು ಗೆರೆ ಹಾಕಬೇಕು. ಅಲ್ಲಿಂದ ಉದ್ದ 41, ಕೆಳಗೆ ಮಡಚಲು ಒಂದು ಇಂಚು. ಒಟ್ಟು ಸುಮಾರು 47 ಇಂಚು. ಚಕ್ರದ ಕಾಲು ಭಾಗ ಕತ್ತರಿಸಬೇಕಾದರೂ 47 ಇಂಚು ಅಗಲದ ಬಟ್ಟೆ ಬೇಕು. ನಮ್ಮ ಹತ್ತಿರ ಇರುವುದು 31.

"ಆರು ಮೀಟರ್ ಇದೆಯಲ್ಲ ಅಕ್ಕಾ" ಅಂತ ನೀವು ಕೇಳಿದಿರಿ. ಕಾಗದದ ಮೇಲೆ ಲೆಕ್ಕ ಹಾಕಿದರೆ ಚಕ್ರಕ್ಕೆ ಬಟ್ಟೆ ಸಾಲುತ್ತದೆ ಅನಿಸುತ್ತೆ, ನಿಜ. ಆದರೆ ದುಂಡಗೆ ಕತ್ತರಿಸಿದಾಗ ಮೂಲೆಗಳೆಲ್ಲ ಚೂರಾಗಿ ಹೋಗುತ್ತವೆ. ಮೇಲ್ಭಾಗಕ್ಕೆ ಏನೂ ಉಳಿಯುವುದಿಲ್ಲ. ಅಷ್ಟಾದರೂ ಪ್ರತಿ ಕಾಲು ಭಾಗಕ್ಕೆ ಒಂದು ಜೋಡು ಕೊಡಲೇಬೇಕು. ಆ ಜೋಡು ಮೊಣಕಾಲಿನ ಕೆಳಗೆ, ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ ಓರೆಯಾಗಿ ಬರುತ್ತದೆ. ನಿಶ್ಚಿತಾರ್ಥದ ಫೋಟೋದಲ್ಲಿ ಎಲ್ಲರ ಕಣ್ಣೂ ಅಲ್ಲಿಗೇ.

ಜೋಡನ್ನೂ ಸಹಿಸಿಕೊಳ್ಳಬಹುದು ಅಂತಿಟ್ಟುಕೊಳ್ಳಿ. ನನಗೆ ಅದಕ್ಕಿಂತ ಚಿಂತೆ ಹತ್ತಿದ್ದು ಓರೆಯದು. ಇಲ್ಲಿ ತುಂಡುಗಳು ಬೇಕು.

ಒಂದನೇ ತುಂಡು ಖಣವನ್ನು ನೇರ ಕತ್ತರಿಸಿದ್ದು. ಎರಡು ತುದಿ ಹಿಡಿದು ಎಳೆಯಿರಿ. ಜಗ್ಗುವುದಿಲ್ಲ. ಎರಡನೆಯದು ಅದೇ ಖಣ, ಆದರೆ ಓರೆ ಕತ್ತರಿಸಿದ್ದು, ನಾವು ಕ್ರಾಸ್ ಅನ್ನುತ್ತೇವೆ. ಅದನ್ನೂ ಎಳೆಯಿರಿ. ಜಗ್ಗಿತಲ್ಲ? ಬಿಟ್ಟಮೇಲೆ ಮೊದಲಿನ ಹಾಗೆ ಆಯಿತಾ? ಆಗುವುದಿಲ್ಲ, ಸೊಟ್ಟಗೆ ಉಳಿಯುತ್ತದೆ. ಅಂಚಿನಿಂದ ಎಳೆ ಕೂಡ ಬಿಚ್ಚಿಕೊಂಡಿರಬೇಕು, ನೋಡಿ.

ಅಂಬ್ರೆಲಾದಲ್ಲಿ ಬಟ್ಟೆ ಒಂದು ಕಡೆ ನೇರ ಇಳಿಯುತ್ತದೆ, ಒಂದು ಕಡೆ ಅಡ್ಡ, ನಡುವೆ ಪೂರ್ತಿ ಓರೆ. ಓರೆ ಇದ್ದ ಕಡೆ ತನ್ನ ಭಾರಕ್ಕೆ ತಾನೇ ಜಗ್ಗಿ ಉದ್ದ ಆಗುತ್ತದೆ. ಜಾರ್ಜೆಟ್ಟಿಗೂ ಹಾಗೇ ಆಗುತ್ತದೆ. ಅದನ್ನು ಒಂದು ದಿನ ತೂಗುಹಾಕಿ, ಮರುದಿನ ಕೆಳಗೆ ಸಮ ಮಾಡಿ ಪಿಕೋ ಹಾಕುತ್ತೇವೆ, ಮುಗಿಯಿತು. ನಿಮ್ಮ ಖಣ ದಪ್ಪ, ಭಾರ. ಒಳಮೈ ತಿರುಗಿಸಿ ನೋಡಿದರೆ ಬುಟ್ಟಾಗಳ ನಡುವೆ ಸಡಿಲ ಎಳೆಗಳು ಓಡಿವೆ. ಓರೆ ಕತ್ತರಿಸಿದರೆ ಅವೆಲ್ಲ ಅಲ್ಲಲ್ಲೇ ತುಂಡಾಗುತ್ತವೆ. ಕೆಳಗಿನ ಸುತ್ತಳತೆ ಸುಮಾರು 295 ಇಂಚು, ಏಳೂವರೆ ಮೀಟರ್ ಹತ್ತಿರ. ಅಷ್ಟುದ್ದಕ್ಕೂ ಓವರ್‌ಲಾಕ್ ಹೊಡೆದರೂ ಯಾರದಾದರೂ ಕಾಲುಂಗುರಕ್ಕೆ ಒಂದು ಎಳೆ ಸಿಕ್ಕಿದರೆ ಹೋಯಿತು.

ಇನ್ನೊಂದು ಮಾತು ನಿಮ್ಮ ಅವ್ವಾರಿಗೂ ಓದಿ ಹೇಳಿ. ನಿಮ್ಮ ಬಟ್ಟೆಯಲ್ಲಿರುವುದು ತೇರಿನ ಬುಟ್ಟಾ. ಸಾಲಾಗಿ ನಿಂತ ಸಣ್ಣ ಸಣ್ಣ ತೇರು. ಚಕ್ರದ ಹಾಗೆ ಕತ್ತರಿಸಿದರೆ ಮುಂದೆ ತೇರು ನಿಂತಿರುತ್ತದೆ, ಪಕ್ಕಕ್ಕೆ ಹೋದಂತೆ ವಾಲುತ್ತದೆ, ಆಮೇಲೆ ಪೂರ್ತಿ ಅಡ್ಡ ಮಲಗುತ್ತದೆ. ನಿಶ್ಚಿತಾರ್ಥದ ದಿನ ಮಗಳ ಮೈಮೇಲೆ ತೇರು ಮಗುಚಿದ್ದು ಕಂಡರೆ ನಿಮ್ಮ ಅಜ್ಜಿ ನನ್ನನ್ನು ಬಿಡುತ್ತಾರಾ? ನಾನು ಅಷ್ಟೊಂದು ಶಕುನ ನೋಡುವವಳಲ್ಲ. ಆದರೂ ಕೈ ಬರಲ್ಲ.

ಮೂರನೇ ತುಂಡು ಜಾರ್ಜೆಟ್. ಒಂದು ಬೆರಳ ಮೇಲೆ ಅದನ್ನು ಹಾಕಿ, ಪಕ್ಕದ ಬೆರಳ ಮೇಲೆ ಖಣ ಹಾಕಿ. ಜಾರ್ಜೆಟ್ ಬೆರಳಿಗೆ ಅಂಟಿ ಸುಳಿಸುಳಿಯಾಗಿ ಇಳಿಯುತ್ತದೆ. ಖಣ ಮಾಡಿನ ಹಾಗೆ ಸೆಟೆದು ನಿಲ್ಲುತ್ತದೆ. ಫೋಟೋದಲ್ಲಿ ನಿಮಗೆ ಇಷ್ಟವಾದದ್ದು ಆ ಇಳಿಯುವ ಚೆಂದ, ಅಲ್ವಾ? ಅದು ಕಟಿಂಗಿನಿಂದ ಅರ್ಧ ಬರುತ್ತದೆ, ಉಳಿದರ್ಧ ಬಟ್ಟೆಯಿಂದಲೇ ಬರಬೇಕು.

ಮೇಲ್ಭಾಗ ಫೋಟೋದಷ್ಟು ಬಿಗಿ ಮಾಡುವುದೂ ಕಷ್ಟ. ಮೂರು ವರ್ಷದ ಹಿಂದೆ ಒಬ್ಬರು ಹಟ ಮಾಡಿದರು ಅಂತ ಖಣದಲ್ಲೇ ಬಿಗಿ ಗೌನ್ ಹೊಲಿದುಕೊಟ್ಟೆ. ಮದುವೆಮನೆಯಲ್ಲಿ ಆರತಿ ಎತ್ತಲು ಕೈ ಮೇಲೆ ಮಾಡಿದ್ದಾರೆ, ಕಂಕುಳ ಹತ್ತಿರ ಹೊಲಿಗೆ ಗಟ್ಟಿ ಇದೆ, ಬಟ್ಟೆಯ ಎಳೆಯೇ ಸರಿದು ಬಾಯಿ ಬಿಟ್ಟಿತು. ಹೊಲಿಗೆ ಬಿಚ್ಚಿದರೆ ಮತ್ತೆ ಹಾಕಬಹುದು. ಎಳೆ ಸರಿದರೆ ಏನು ಮಾಡುವುದು? ಮಜೂರಿ ವಾಪಸ್ ಕೊಟ್ಟೆ. ಅವರು ಮತ್ತೆ ನಮ್ಮ ಅಂಗಡಿ ಮೆಟ್ಟಿಲು ಹತ್ತಲಿಲ್ಲ. ತಪ್ಪು ನನ್ನದೇ, ಬೇಡ ಅಂತ ಗಟ್ಟಿಯಾಗಿ ಹೇಳಬೇಕಿತ್ತು.

ಕೆನೆ ಬಣ್ಣದ ನೆಟ್ ತೋಳಂತೂ ಬೇಡವೇ ಬೇಡ. ಬಿಳಿ ಬಟ್ಟೆ ಒದ್ದೆ ಮಾಡಿ ನಿಮ್ಮ ಖಣದ ಒಳ ಅಂಚಿಗೆ ಉಜ್ಜಿದೆ, ಕೆಂಪು ಹತ್ತಿತು. ಬೆವರಿದರೆ ನೆಟ್ಟಿನ ಗತಿ ಊಹಿಸಿಕೊಳ್ಳಿ.

ಹಾಗಾದರೆ ಏನು ಮಾಡುವುದು? ನನ್ನ ಮನಸ್ಸಿಗೆ ಬಂದದ್ದು ಇದು. ಖಣವನ್ನು ನೇರವಾಗಿಯೇ ಬಿಟ್ಟು ಉದ್ದ ಲಂಗ ಮಾಡೋಣ. 45 ಇಂಚಿನ ನಾಲ್ಕು ತುಂಡು, ಒಟ್ಟು 180 ಇಂಚು ಹೋಗುತ್ತದೆ. ಪಕ್ಕಪಕ್ಕ ಜೋಡಿಸಿದರೆ ಮೂರು ಮೀಟರಿಗೆ ಸ್ವಲ್ಪ ಜಾಸ್ತಿ ಘೇರ್ ಸಿಗುತ್ತದೆ, ನಿಮ್ಮ ಸೊಂಟಕ್ಕೆ ನಾಲ್ಕು ಪಟ್ಟು. ದಡಿಗೆ ದಡಿ ಸೇರಿಸಿ ಹೊಲಿದರೆ ಜೋಡು ಕಾಣುವುದೇ ಇಲ್ಲ, ಸೊಂಟದಿಂದ ಪಾದದವರೆಗೆ ಜೋಡಿ ದಡಿ ಇಳಿದ ಹಾಗೆ ಕಾಣುತ್ತದೆ. ಅಗಲ ಅಗಲ ನೆರಿಗೆ ಹಾಕುತ್ತೇನೆ. ಈ ಬಟ್ಟೆ ಸೆಟೆದು ನಿಲ್ಲುತ್ತದೆ ಅಂದೆನಲ್ಲ, ನೆರಿಗೆಗೆ ಅದೇ ಒಳ್ಳೆಯದು. ಒಳಗೆ ಕ್ಯಾನ್‌ಕ್ಯಾನ್ ಕೂಡ ಬೇಕಾಗಿಲ್ಲ, ಹತ್ತಿಯ ಅಸ್ತರ್ ಸಾಕು. ತೇರುಗಳೆಲ್ಲ ನಿಂತೇ ಇರುತ್ತವೆ. ಉಳಿದ 56 ಇಂಚಿನಲ್ಲಿ ಮೊಣಕೈವರೆಗಿನ ತೋಳಿನ ಕುಪ್ಪಸ ಆರಾಮಾಗಿ ಆಗುತ್ತದೆ. ತೀರಾ ಬಿಗಿ ಮಾಡದೆ ಒಳಗೆ ಮಾರ್ಜಿನ್ ಬಿಡುತ್ತೇನೆ, ಕಂಕುಳಿಗೆ ಚೌಕ ತುಂಡು ಕೊಡುತ್ತೇನೆ. ಹಿಂದೆ ಚೈನಿನ ಬದಲು ಹುಕ್ಕು.

ಇಲ್ಲ, ನನಗೆ ಅಂಬ್ರೆಲಾವೇ ಬೇಕು ಅಂದರೆ ಕೆಳಭಾಗಕ್ಕೆ ಅದೇ ಕೆಂಪಿನ ಜಾರ್ಜೆಟ್ ತೆಗೆದುಕೊಳ್ಳಿ, ದೊಡ್ಡ ಪನ್ನಾದ್ದು, ಐದು ಮೀಟರ್. ಮೇಲ್ಭಾಗ, ತೋಳು ಖಣದ್ದು. ಉಳಿದ ಖಣದಲ್ಲಿ ಕೆಳಗೆ ಪಟ್ಟಿ ಕೊಡಿ ಅಂತ ಮಾತ್ರ ಕೇಳಬೇಡಿ. ನೇರ ಪಟ್ಟಿ ದುಂಡನೆಯ ಅಂಚಿಗೆ ಕೂರುವುದಿಲ್ಲ, ಮುದುಡುತ್ತದೆ. ಉಳಿದದ್ದನ್ನು ಹಾಗೇ ಮಡಚಿ ಕೊಡುತ್ತೇನೆ, ಮುಂದೆ ಎರಡು ಮೂರು ಕುಪ್ಪಸಕ್ಕೆ ಆಗುತ್ತದೆ. ಇದೂ ಕೆಟ್ಟದಲ್ಲ. ಆದರೆ ನನ್ನನ್ನು ಕೇಳಿದರೆ ಲಂಗವೇ.

ದುಡ್ಡಿನ ವಿಷಯ. ಗೌನಿಗೆ 3,200 ಹೇಳಿದ್ದೆ. ಲಂಗ ಕುಪ್ಪಸಕ್ಕೆ ಅಸ್ತರ್ ಸೇರಿ 2,100 ಸಾಕು. ನೀವು ಕೊಟ್ಟ ಸಾವಿರ ಅದರಲ್ಲೇ ಹಿಡಿಯುತ್ತೇನೆ. ಯಾವುದೂ ಬೇಡ, ಬೇರೆ ಕಡೆ ಕೊಡುತ್ತೇನೆ ಅಂದರೂ ಸಂಕೋಚ ಬೇಡ, ಬಟ್ಟೆ ಮತ್ತು ಸಾವಿರ ಎರಡೂ ಇಟ್ಟಿದ್ದೇನೆ.

ನಿಶ್ಚಿತಾರ್ಥ ನವೆಂಬರ್ 23ಕ್ಕೆ. ಹಬ್ಬ ಮುಗಿದು 27ನೇ ತಾರೀಖು ಸೋಮವಾರದೊಳಗೆ ಒಂದು ಮಾತು ಹೇಳಿ. ಮಧ್ಯಾಹ್ನ ಎರಡರಿಂದ ಮೂರರ ನಡುವೆ ಫೋನ್ ಮಾಡಿದರೆ ಸಮಾಧಾನವಾಗಿ ಮಾತಾಡಬಹುದು. ನವೆಂಬರ್ 9ಕ್ಕೆ ಊರಿಗೆ ಬರುತ್ತೀರಂತೆ, ಅವತ್ತು ಟ್ರಯಲ್ ಇಟ್ಟುಕೊಳ್ಳೋಣ. ಬರುವಾಗ ನಿಶ್ಚಿತಾರ್ಥದ ದಿನ ಹಾಕುವ ಚಪ್ಪಲಿ ತನ್ನಿ. ಹೀಲ್ಸ್ ಎಷ್ಟು ಅಂತ ಗೊತ್ತಾಗದೆ ಲಂಗದ ಉದ್ದ ಮಡಚುವುದಿಲ್ಲ.

ನಿಮ್ಮ ಅವ್ವಾರ ಇಳಕಲ್ ಸೀರೆಗೆ ಫಾಲ್ ಹಚ್ಚಿ ಇದೇ ಚೀಲದಲ್ಲಿ ಇಟ್ಟಿದ್ದೇನೆ. ಅದರ 150 ರೂಪಾಯಿ ಅವರು ಆಗಲೇ ಕೊಟ್ಟಿದ್ದಾರೆ, ಮತ್ತೆ ಕಳಿಸಬೇಡಿ.

ನಿಮ್ಮ,
ಶಾಂತಾ ಟೇಲರ್