ಬೀಮ್ ಬಿ-7 ಲೋಡ್ ಲೆಕ್ಕ: ಕಂಬಿ ಶೆಡ್ಯೂಲ್ ಕಳಿಸುವ ಮೊದಲು ನಿಮ್ಮ ಒಪ್ಪಿಗೆ ಬೇಕು

ಸರ್, ನಮಸ್ಕಾರ.

ಮೊದಲ ಮಹಡಿಯ ಬಿ-7 ಬೀಮ್‌ನ ಲೆಕ್ಕವನ್ನು ಆರ್ಕಿಟೆಕ್ಟ್ ಕಳಿಸಿದ ಹೊಸ ಡ್ರಾಯಿಂಗ್‌ಗೆ ತಕ್ಕಂತೆ ಮತ್ತೆ ಮಾಡಿದ್ದೇನೆ. ಬೀಮ್ ಮೇಲಿನ ಗೋಡೆ 150 ಮಿ.ಮೀ. ಇದ್ದದ್ದು ಈಗ 200 ಮಿ.ಮೀ. ಆಗಿದೆ, ಹಾಗಾಗಿ ಹಳೆಯ ಲೆಕ್ಕ ನಡೆಯುವುದಿಲ್ಲ. ನಾಳೆ ಮಧ್ಯಾಹ್ನ ಕಂಬಿ ಶೆಡ್ಯೂಲ್ ಸೈಟಿಗೆ ಹೋಗಬೇಕು, ನಾಡಿದ್ದು ಕಂಬಿ ಕತ್ತರಿಸಲು ಶುರು ಮಾಡುತ್ತಾರೆ. ಒಟ್ಟು ಲೋಡ್ ಸರಿಯಿದೆಯೇ ಎಂಬುದನ್ನು ನೀವು ಖಚಿತಪಡಿಸಬೇಕು. ಅದರ ಜೊತೆಗೆ ನಾನೊಬ್ಬಳೇ ತೀರ್ಮಾನಿಸಬಾರದು ಅನ್ನಿಸಿದ ಮೂರು ವಿಷಯಗಳನ್ನೂ ಕೆಳಗೆ ಬರೆದಿದ್ದೇನೆ.

ಬಿ-7 ಸೆಕೆಂಡರಿ ಬೀಮ್. ಎರಡೂ ತುದಿ ಬಿ-3 ಮತ್ತು ಬಿ-4 ಮುಖ್ಯ ಬೀಮ್‌ಗಳ ಮೇಲೆ ಕೂರುತ್ತದೆ, ಆಚೆಗೆ ಮುಂದುವರಿಯುವುದಿಲ್ಲ. ಅಳತೆ 230 × 450, ಸ್ಲ್ಯಾಬ್ 125 ಮಿ.ಮೀ., ಕಾಂಕ್ರೀಟ್ ಎಂ25, ಕಂಬಿ ಎಫ್‌ಇ 500, ಕವರ್ 30 ಮಿ.ಮೀ. ಎಫೆಕ್ಟಿವ್ ಡೆಪ್ತ್ 400 ಎಂದು ಹಿಡಿದಿದ್ದೇನೆ. ಮುಖ್ಯ ಬೀಮ್‌ಗಳ ಮಧ್ಯದಿಂದ ಮಧ್ಯಕ್ಕೆ 5.0 ಮೀಟರ್ ಇದೆ. ಕ್ಲಿಯರ್ ಸ್ಪ್ಯಾನ್ 4.77ಕ್ಕೆ 0.40 ಸೇರಿಸಿದರೆ 5.17 ಆಗುತ್ತದೆ. ಎರಡರಲ್ಲಿ ಕಡಿಮೆಯದ್ದನ್ನು ತೆಗೆದುಕೊಳ್ಳಬೇಕಾದ್ದರಿಂದ ಎಫೆಕ್ಟಿವ್ ಸ್ಪ್ಯಾನ್ 5.0 ಮೀಟರ್. ಎರಡೂ ತುದಿ ಸಿಂಪ್ಲಿ ಸಪೋರ್ಟೆಡ್.

ಒಂದು ಪಕ್ಕ ಬೆಡ್‌ರೂಮ್ ಸ್ಲ್ಯಾಬ್, 5.0 × 3.5. ಇನ್ನೊಂದು ಪಕ್ಕ ಸಿಟ್-ಔಟ್ ಸ್ಲ್ಯಾಬ್, 5.0 × 3.0. ಎರಡೂ ಟೂ-ವೇ, ಬಿ-7 ಎರಡಕ್ಕೂ ಉದ್ದದ ಬದಿ. ಅಂದರೆ ಎರಡು ಪಕ್ಕದಿಂದಲೂ ಟ್ರೆಪೆಜಾಯ್ಡ್ ಆಕಾರದಲ್ಲಿ ಲೋಡ್ ಬರುತ್ತದೆ. ಸ್ಲ್ಯಾಬ್ ಸ್ವಂತ ತೂಕ ಚದರ ಮೀಟರಿಗೆ 3.125 ಕಿಲೋನ್ಯೂಟನ್. ಫ್ಲೋರ್ ಫಿನಿಶ್ ಮತ್ತು ಕೆಳಗಿನ ಪ್ಲಾಸ್ಟರ್ ಎರಡಕ್ಕೂ ಸೇರಿ 1.5 ಹಿಡಿದಿದ್ದೇನೆ. ಒಟ್ಟು ಡೆಡ್ ಲೋಡ್ 4.625. ಲೈವ್ ಲೋಡ್ ಬೆಡ್‌ರೂಮಿಗೆ 2.0, ಸಿಟ್-ಔಟ್‌ಗೆ 3.0.

ಮೊಮೆಂಟ್ ಮತ್ತು ಶಿಯರ್ ಎರಡಕ್ಕೂ ಒಂದೇ ಸಮಾನ ಲೋಡ್ ಬಳಸಿಲ್ಲ, ಏಕೆಂದರೆ ಸೂತ್ರಗಳೇ ಬೇರೆ:

```
bending: w_eq = (w*lx/6) * (3 - (lx/ly)^2)
shear:   w_eq = (w*lx/4) * (2 - lx/ly)

3.5 m: bending 1.464*w   shear 1.138*w
3.0 m: bending 1.320*w   shear 1.050*w
```

ಎಲ್ಲ ಸೇರಿದ ಮೇಲೆ ಮೀಟರಿಗೆ ಬರುವ ಲೋಡ್ ಹೀಗಿದೆ:

```
                      bending   shear   (kN/m)
rib 0.23*0.325*25       1.87     1.87
wall + plaster         12.26    12.26
slab 3.5 m, DL          6.77     5.26
slab 3.0 m, DL          6.11     4.86
slab 3.5 m, LL          2.93     2.28
slab 3.0 m, LL          3.96     3.15
total                  33.89    29.67
x 1.5                  50.84    44.50

Mu = 50.84*5^2/8 = 158.9 kNm
Vu = 44.50*5/2   = 111.3 kN
```

ಗೋಡೆಯ ಲೆಕ್ಕ ಹೀಗೆ: ಮಹಡಿಯಿಂದ ಮಹಡಿಗೆ 3.15 ಮೀಟರ್, ಮೇಲಿನ ಬೀಮ್ 450 ಕಳೆದರೆ ಗೋಡೆಯ ಎತ್ತರ 2.70. ಸಾಲಿಡ್ ಬ್ಲಾಕಿಗೆ ಘನ ಮೀಟರಿಗೆ 20 ಕಿಲೋನ್ಯೂಟನ್ ಹಿಡಿದರೆ 10.80 ಬರುತ್ತದೆ. ಒಳಗೆ 12, ಹೊರಗೆ 15, ಒಟ್ಟು 27 ಮಿ.ಮೀ. ಪ್ಲಾಸ್ಟರಿಗೆ 1.46. ಒಟ್ಟು ಡೆಡ್ ಲೋಡಿನಲ್ಲಿ ಸುಮಾರು 45 ಶೇಕಡಾ ಗೋಡೆಯದ್ದೇ, ಹಾಗಾಗಿ ದಯವಿಟ್ಟು ಈ ಸಾಲನ್ನು ಮೊದಲು ನೋಡಿ. ಬಾಗಿಲಿನ ಜಾಗವನ್ನು ಕಳೆದಿಲ್ಲ. 1.0 × 2.1 ಬಾಗಿಲಿಗೆ 9.5 ಕಿಲೋನ್ಯೂಟನ್ ಕಡಿಮೆಯಾಗುತ್ತದೆ ನಿಜ. ಆದರೆ ಬಾಗಿಲು ಇರುವುದು ಬಿ-3ರ ತುದಿಗೆ ಹತ್ತಿರ, ಅದರ ಮಧ್ಯರೇಖೆ ಆಧಾರದಿಂದ 0.8 ಮೀಟರ್ ದೂರದಲ್ಲಿದೆ. ಹಾಗಾಗಿ ನಡುವಿನ ಮೊಮೆಂಟ್ ಇಳಿಯುವುದು 5.7 ಕಿಲೋನ್ಯೂಟನ್-ಮೀಟರ್ ಮಾತ್ರ. ಮುಂದೆ ಬಾಗಿಲಿನ ಜಾಗ ಬದಲಾದರೆ ಅಷ್ಟೂ ಉಳಿತಾಯ ಹೋಗುತ್ತದೆ, ಅದಕ್ಕೇ ಇಡೀ ಗೋಡೆ ಎಂದೇ ಹಿಡಿದೆ.

ಕೈಲೆಕ್ಕವನ್ನು ಸ್ಟಾಡ್ ಫಲಿತಾಂಶದ ಜೊತೆ ಹೋಲಿಸಿದೆ. ಅಲ್ಲಿ ಮೊಮೆಂಟ್ 162.2, ಶಿಯರ್ 114.0 ಬಂದಿದೆ. ವ್ಯತ್ಯಾಸ ಎಲ್ಲಿಂದ ಬಂತೆಂದು ಹುಡುಕಿದೆ. ಮಾಡೆಲ್ ಬೀಮ್‌ನ ಪೂರ್ತಿ 450 ಆಳದ ತೂಕ ತೆಗೆದುಕೊಳ್ಳುತ್ತಿದೆ, ಫ್ಲೋರ್ ಲೋಡಿನಲ್ಲಿ ಸ್ಲ್ಯಾಬ್ ತೂಕವನ್ನೂ ಬೀಮ್‌ನ ಮಧ್ಯರೇಖೆವರೆಗೆ ಸೇರಿಸುತ್ತಿದೆ. ಹಾಗಾಗಿ ಮೇಲಿನ 125 ಮಿ.ಮೀ. ಕಾಂಕ್ರೀಟ್ ಎರಡು ಸಲ ಎಣಿಕೆಯಾಗಿದೆ. 0.23 × 0.125 × 25 ಅಂದರೆ ಮೀಟರಿಗೆ 0.72 ಕಿಲೋನ್ಯೂಟನ್. ಅದನ್ನು 1.5ರಿಂದ ಗುಣಿಸಿದರೆ ಮೊಮೆಂಟಿನಲ್ಲಿ 3.4, ಶಿಯರ್‌ನಲ್ಲಿ 2.7. ವ್ಯತ್ಯಾಸ ಸರಿಯಾಗಿ ಅಷ್ಟೇ ಇದೆ, ಬೇರೆ ಕಾರಣ ಉಳಿದಿಲ್ಲ. ಮಾಡೆಲ್‌ನಲ್ಲಿ ತುದಿಗಳಿಗೆ ಮೊಮೆಂಟ್ ರಿಲೀಸ್ ಕೊಟ್ಟಿರುವುದನ್ನೂ ನೋಡಿಕೊಂಡಿದ್ದೇನೆ.

ಹಳೆಯ ಫೈಲಿನಲ್ಲಿ ಸ್ಲ್ಯಾಬ್ ಲೋಡನ್ನು ಅರ್ಧ ಅಗಲ × ಪೂರ್ತಿ ಉದ್ದ ಎಂದು ಆಯತಾಕಾರದಲ್ಲಿ ಹಿಡಿದಿದ್ದರು. ಈಗಲೂ ಹಾಗೇ ಮಾಡಿದರೆ ಮೊಮೆಂಟ್ 174.2 ಆಗುತ್ತದೆ. ಸುರಕ್ಷಿತವೇ, ಆದರೆ ಆ ಹೆಚ್ಚುವರಿ 15 ಕಿಲೋನ್ಯೂಟನ್-ಮೀಟರ್ ಈ ಬೀಮ್‌ಗೆ ಬರುವುದೇ ಇಲ್ಲ. ಸ್ಲ್ಯಾಬಿನ ಆ ತ್ರಿಕೋನದ ಭಾಗ ಹೋಗುವುದು ಬಿ-3, ಬಿ-4ಕ್ಕೆ. ಬಿ-7ಕ್ಕೆ ಆಯತದಂತೆ ಹಿಡಿದು ಮುಖ್ಯ ಬೀಮ್‌ಗಳಿಗೆ ತ್ರಿಕೋನವನ್ನೂ ಕೊಟ್ಟರೆ ಅದೇ ಲೋಡ್ ಎರಡು ಕಡೆ ಕೂರುತ್ತದೆ.

ಇನ್ನು ನೀವು ಹೇಳಬೇಕಾದ ಮೂರು ವಿಷಯಗಳು.

ಮೊದಲನೆಯದು ಸಿಟ್-ಔಟ್ ಲೈವ್ ಲೋಡ್. ಡ್ರಾಯಿಂಗ್‌ನಲ್ಲಿ ಹೆಸರು ಸಿಟ್-ಔಟ್ ಎಂದಿದ್ದರೂ ಹೊರಬದಿ ತೆರೆದೇ ಇದೆ, ಅದಕ್ಕೆ ಐಎಸ್ 875 ಭಾಗ 2ರ ಬಾಲ್ಕನಿಯ 3.0 ತೆಗೆದುಕೊಂಡೆ. ಹೊರ ಅಂಚಿನ ಲೈನ್ ಲೋಡ್ ಬೇರೆ ಬೀಮ್ ಮೇಲೆ ಬೀಳುತ್ತದೆ, ಬಿ-7ಕ್ಕೆ ಸಂಬಂಧವಿಲ್ಲ. ರೂಮ್ ಎಂದು 2.0 ಸಾಕೆಂದು ನೀವು ಹೇಳಿದರೆ ಮೀಟರಿಗೆ 1.32 ಕಡಿಮೆಯಾಗುತ್ತದೆ. ನನಗೆ 3.0 ಇರಲಿ ಅನ್ನಿಸುತ್ತದೆ.

ಎರಡನೆಯದು ಕೆಳಗಿನ ಕಂಬಿ. ಇದರ ಮೇಲೆಯೇ ಹೆಚ್ಚು ಯೋಚಿಸಿದ್ದೇನೆ. ಬರೀ 230 ಅಗಲದ ಆಯತ ಎಂದು ನೋಡಿದರೆ ಸೆಕ್ಷನ್ ತಾಳುವುದು 122 ಕಿಲೋನ್ಯೂಟನ್-ಮೀಟರ್ ಮಾತ್ರ, ಡಬ್ಲಿ ರೀಇನ್‌ಫೋರ್ಸ್ಡ್ ಮಾಡಬೇಕಾಗುತ್ತದೆ. ಆದರೆ ನಡುವೆ ಸ್ಲ್ಯಾಬ್ ಒತ್ತಡದ ಬದಿಯಲ್ಲಿದೆ, ಹಾಗಾಗಿ ಟಿ-ಬೀಮ್ ಎಂದೇ ಮಾಡಿದೆ. ಫ್ಲ್ಯಾಂಜ್ ಅಗಲ 1813 ಮಿ.ಮೀ., ನ್ಯೂಟ್ರಲ್ ಆಕ್ಸಿಸ್ ಮೇಲಿನಿಂದ ಕೇವಲ 25 ಮಿ.ಮೀ., ಅಂದರೆ ಸ್ಲ್ಯಾಬಿನ ಒಳಗೇ ಇದೆ. ಬೇಕಾದ ಕಂಬಿ 938 ಚದರ ಮಿ.ಮೀ.

ಮೂರು 20 ಎಂಎಂ ಕಂಬಿ ಕೊಟ್ಟರೆ 942. ಲೆಕ್ಕಕ್ಕೆ ಸರಿ, ಆದರೆ ಮಿಗುವುದು ನಾಲ್ಕೇ ಚದರ ಮಿ.ಮೀ. ಬೀಮ್‌ನ ಪ್ಲಾಸ್ಟರ್ ತೂಕ ಮೀಟರಿಗೆ 0.21, ಅದನ್ನು ನಾನು ಸೇರಿಸಿಲ್ಲ. ಅದೊಂದರಿಂದಲೇ ಮೊಮೆಂಟ್ 1 ಏರಿ ಆ ನಾಲ್ಕೂ ಹೋಗುತ್ತದೆ. ಸ್ಟಾಡ್‌ನ 162.2ಕ್ಕೆ ನೋಡಿದರೆ 958 ಬೇಕು, ಮೂರು ಕಂಬಿ ಸಾಲುವುದಿಲ್ಲ. ಸೈಟಿನಲ್ಲಿ ಕವರ್ ಬ್ಲಾಕ್ 30ರ ಬದಲು 40 ಇಟ್ಟರೂ ಡೆಪ್ತ್ 10 ಮಿ.ಮೀ. ಕಡಿಮೆಯಾಗಿ ಇದೇ ಕಥೆ. ಆದ್ದರಿಂದ ಎರಡು 20 ಮತ್ತು ಎರಡು 16, ಒಟ್ಟು 1030 ಚದರ ಮಿ.ಮೀ. ಕೊಡಬೇಕೆಂದಿದ್ದೇನೆ. 20 ಎಂಎಂ ಮೂಲೆಗಳಿಗೆ, 16 ಎಂಎಂ ನಡುವೆ, ನಾಲ್ಕೂ ಒಂದೇ ಸಾಲಿನಲ್ಲಿ, ತುದಿಯಿಂದ ತುದಿಗೆ.

ತೊಂದರೆ ಜಾಗದ್ದು. ಕವರ್ ಮತ್ತು ರಿಂಗ್ ಕಳೆದರೆ ಒಳಗೆ 154 ಮಿ.ಮೀ. ಸಿಗುತ್ತದೆ. ಕಂಬಿಗಳೇ 72 ತಿನ್ನುತ್ತವೆ, ಉಳಿದ 82ನ್ನು ಮೂರು ಸಂದಿಗೆ ಹಂಚಿದರೆ ತಲಾ 27. 20 ಎಂಎಂ ಜಲ್ಲಿಗೆ ಕನಿಷ್ಠ 25 ಬೇಕು, ಹಾಗಾಗಿ ನಿಯಮಕ್ಕೆ ದಾಟುತ್ತದೆ. ಆದರೆ ಕಂಬಿ ಸ್ವಲ್ಪ ಒಂದು ಕಡೆ ಸರಿದರೂ ಜಲ್ಲಿ ಸಿಕ್ಕಿಕೊಂಡು ಕೆಳಗೆ ಹನಿಕೂಂಬ್ ಆಗುತ್ತದೆ. 40 ಎಂಎಂ ನೀಡಲ್ ಆ ಸಂದಿಗೆ ಇಳಿಯುವುದಿಲ್ಲ, 25 ಎಂಎಂ ನೀಡಲ್ ಬೇಕೆಂದು ಡ್ರಾಯಿಂಗ್ ಮೇಲೆಯೇ ಬರೆಯುತ್ತೇನೆ. ಮೂರು 20 ಆದರೆ ಸಂದಿ 47, ಕಾಂಕ್ರೀಟ್ ಸಲೀಸಾಗಿ ಇಳಿಯುತ್ತದೆ. ಬಲಕ್ಕೆ ನಾಲ್ಕು ಕಂಬಿ ಒಳ್ಳೆಯದು, ಕಾಂಕ್ರೀಟ್ ಹಾಕುವವರಿಗೆ ಮೂರು ಒಳ್ಳೆಯದು. ನಾನು ನಾಲ್ಕರ ಕಡೆಗಿದ್ದೇನೆ, ನಿಮ್ಮ ಅನುಭವದಲ್ಲಿ ಯಾವುದು ಸರಿ ಹೇಳಿ ಸರ್.

ಶಿಯರ್‌ಗೆ ಚಿಂತೆಯಿಲ್ಲ. ಸ್ಟ್ರೆಸ್ 1.21, ಕಾಂಕ್ರೀಟ್ ತಾಳುವುದು 0.64, ಗರಿಷ್ಠ ಮಿತಿ 3.1. 8 ಎಂಎಂ ಎರಡು ಕಾಲಿನ ರಿಂಗ್ 277 ಮಿ.ಮೀ. ಅಂತರಕ್ಕೆ ಸಾಕಾಗುತ್ತದೆ, ಉದ್ದಕ್ಕೂ 200 ಕೊಡುತ್ತಿದ್ದೇನೆ. ಸೂತ್ರದಲ್ಲಿ ರಿಂಗ್‌ಗೆ 415 ಮಾತ್ರ ಬಳಸಿದ್ದೇನೆ, ಕಂಬಿ 500 ಆದರೂ ಐಎಸ್ 456 ಅಷ್ಟಕ್ಕೇ ಬಿಡುತ್ತದೆ. ಆಧಾರದಿಂದ ಡೆಪ್ತ್‌ನಷ್ಟು ದೂರದ ಶಿಯರ್ ತೆಗೆದುಕೊಳ್ಳದೆ ಪೂರ್ತಿ 111.3ಕ್ಕೇ ನೋಡಿದ್ದೇನೆ. ತುದಿಯ ಹತ್ತಿರ ಸ್ಲ್ಯಾಬ್ ಲೋಡ್ ಕಡಿಮೆ ಇರುವುದರಿಂದ ಅಲ್ಲಿ ಶಿಯರ್ ನಾವು ಅಂದುಕೊಂಡಷ್ಟು ಬೇಗ ಇಳಿಯುವುದಿಲ್ಲ. ಡಿಫ್ಲೆಕ್ಷನ್‌ಗೆ ಸ್ಪ್ಯಾನ್-ಡೆಪ್ತ್ ಅನುಪಾತ 12.5 ಇದೆ, ಟಿ-ಬೀಮ್ ಕಡಿತದ ನಂತರದ 16ಕ್ಕಿಂತ ಕೆಳಗೆ.

ತುದಿಗಳನ್ನು ಸಿಂಪ್ಲಿ ಸಪೋರ್ಟೆಡ್ ಎಂದು ಹಿಡಿದರೂ ಕಾಂಕ್ರೀಟ್ ಒಟ್ಟಿಗೇ ಹಾಕುವುದರಿಂದ ಸ್ವಲ್ಪ ಹಿಡಿತ ಇದ್ದೇ ಇರುತ್ತದೆ. ಮೇಲೆ ಕಂಬಿ ಕಡಿಮೆಯಾದರೆ ಬಿ-3ರ ಮುಖದಲ್ಲಿ ಬಿರುಕು ಕಾಣುತ್ತದೆ. `wl^2/24`ಗೆ 53 ಕಿಲೋನ್ಯೂಟನ್-ಮೀಟರ್ ಬಂತು. ಎರಡು 16 ಎಂಎಂ ಮೇಲೆ ಕೊಟ್ಟು ಬಿ-3, ಬಿ-4ರ ಒಳಗೆ ಆ್ಯಂಕರ್ ಮಾಡುತ್ತೇನೆ.

ಮೂರನೆಯದು ಬಿ-3, ಬಿ-4. ಇದು ತಪ್ಪಿದರೆ ಬಿ-7 ಸರಿಯಾಗಿದ್ದೂ ಪ್ರಯೋಜನವಿಲ್ಲ. ಬಿ-7ರಿಂದ ಪ್ರತಿ ತುದಿಗೆ ಬರುವ ರಿಯಾಕ್ಷನ್ ಈಗ 74.2 ಕಿಲೋನ್ಯೂಟನ್, ಅದರಲ್ಲಿ ಡೆಡ್ 60.6, ಲೈವ್ 13.6. ಆ ಎರಡು ಬೀಮ್‌ಗಳ ಫೈಲಿನಲ್ಲಿ ಇನ್ನೂ 150 ಗೋಡೆಯ 67.4 ಕೂತಿದೆ. ವ್ಯತ್ಯಾಸ 6.75, 1.5ರಿಂದ ಗುಣಿಸಿದರೆ 10.1. ಅವುಗಳನ್ನೂ ಹೊಸ ರಿಯಾಕ್ಷನ್ ಹಾಕಿ ಮತ್ತೆ ಓಡಿಸಲೇ? ಅವುಗಳ ಕಂಬಿ ಇನ್ನೂ ಕತ್ತರಿಸಿಲ್ಲ. ಬಿ-7 ಬಂದು ಸೇರುವ ಜಾಗದಲ್ಲಿ ಲೋಡನ್ನು ಮೇಲಕ್ಕೆ ಎತ್ತಿ ಹಿಡಿಯಲು ಮುಖ್ಯ ಬೀಮ್‌ಗೆ ಹೆಚ್ಚುವರಿ ರಿಂಗ್ ಬೇಕು. 111.3ಕ್ಕೆ 308 ಚದರ ಮಿ.ಮೀ., ಅಂದರೆ 8 ಎಂಎಂ ಎರಡು ಕಾಲಿನ ರಿಂಗ್ ನಾಲ್ಕು. ಇವು ಮಾಮೂಲಿ ಶಿಯರ್ ರಿಂಗ್‌ಗಳ ಜೊತೆಗೆ, ಅವುಗಳ ಬದಲಿಗಲ್ಲ. ಹಳೆಯ ಡ್ರಾಯಿಂಗ್‌ನಲ್ಲಿ ಇವು ಇಲ್ಲ.

ಲೆಕ್ಕದ ಹಾಳೆ, ಹೊಸ ಡ್ರಾಯಿಂಗ್ ಮತ್ತು ಸ್ಟಾಡ್ ಫೈಲ್ ಮೂರನ್ನೂ ಜೊತೆಗೆ ಕಳಿಸಿದ್ದೇನೆ. ಪೂರ್ತಿ ನೋಡಲು ಬಿಡುವಿಲ್ಲದಿದ್ದರೆ ಗೋಡೆಯ 12.26, ಒಟ್ಟು 50.84, ರಿಯಾಕ್ಷನ್ 74.2 ಈ ಮೂರನ್ನು ನೋಡಿ ಸರಿ ಅಥವಾ ತಪ್ಪು ಎಂದು ಬರೆದರೂ ಸಾಕು. ನಾಳೆ ಬೆಳಿಗ್ಗೆ 11ರೊಳಗೆ ತಿಳಿಸಿದರೆ ತಿದ್ದಲು ಸಮಯ ಸಿಗುತ್ತದೆ. ನಿಮ್ಮಿಂದ ಉತ್ತರ ಬರುವವರೆಗೆ ಬಿ-3, ಬಿ-4, ಬಿ-7 ಮೂರರ ಶೆಡ್ಯೂಲ್‌ನ್ನೂ ತಡೆಹಿಡಿದಿರುತ್ತೇನೆ, ಈ ಮೂರರ ಕಂಬಿ ಕತ್ತರಿಸಬೇಡಿ ಎಂದು ಸೈಟಿಗೂ ಹೇಳಿದ್ದೇನೆ.

ಇಂತಿ,
ದೀಪಾ