ಕ್ಯೂಎ, ಕ್ಯೂಸಿ, ಟೆಸ್ಟಿಂಗ್: ತಂಡಕ್ಕೆ ಹೊಸದಾಗಿ ಸೇರಿದವರ ಪ್ರಶ್ನೆಗಳಿಗೆ ಉತ್ತರ

ಉದಾಹರಣೆಗಳೆಲ್ಲ ನಮ್ಮ ಬಸ್ ಟಿಕೆಟ್ ಆ್ಯಪ್‌ನ ಒಂದೇ ಸೌಲಭ್ಯದವು: 60 ವರ್ಷ ತುಂಬಿದವರಿಗೆ ಟಿಕೆಟ್ ದರದಲ್ಲಿ ಶೇ 25 ರಿಯಾಯಿತಿ.

ಮೂರೂ ಒಂದೇ ಅಲ್ಲವೇ?

ಅಲ್ಲ. ಕ್ಯೂಎ ಎಂದರೆ ಕ್ವಾಲಿಟಿ ಅಶ್ಯೂರೆನ್ಸ್, ಕ್ಯೂಸಿ ಎಂದರೆ ಕ್ವಾಲಿಟಿ ಕಂಟ್ರೋಲ್. ಬಿಲ್ಡನ್ನು, ಅಂದರೆ ಕೋಡಿನಿಂದ ತಯಾರಾದ ಆ್ಯಪ್‌ನ ಆವೃತ್ತಿಯನ್ನು, ಓಡಿಸಿ ತಪ್ಪು ಹುಡುಕುವುದು ಟೆಸ್ಟಿಂಗ್. ತಯಾರಾದ ಬಿಲ್ಡ್ ಬಿಡುಗಡೆಗೆ ಯೋಗ್ಯವೇ ಎಂದು ಪರಿಶೀಲಿಸುವುದು, ಇಲ್ಲದಿದ್ದರೆ ತಡೆದು ಸರಿಮಾಡಿಸುವುದು ಕ್ಯೂಸಿ. ಟೆಸ್ಟಿಂಗ್ ಅದರ ಒಂದು ಭಾಗ. ತಪ್ಪು ಹುಟ್ಟದ ಹಾಗೆ ಕೆಲಸದ ಕ್ರಮವನ್ನೇ ಕಟ್ಟಿ, ಅದನ್ನು ಎಲ್ಲರೂ ಪಾಲಿಸುತ್ತಿದ್ದಾರೆಯೇ ಎಂದು ನೋಡುವುದು ಕ್ಯೂಎ. ದಿನವಿಡೀ ಟೆಸ್ಟ್ ಮಾಡುವವರಿಗೇ ಕಂಪನಿಗಳು ‘ಕ್ಯೂಎ ಎಂಜಿನಿಯರ್’ ಎಂದು ಹುದ್ದೆ ಕೊಡುವುದರಿಂದ ಅರ್ಧ ಗೊಂದಲ ಹುಟ್ಟಿದೆ.

ಟೆಸ್ಟರ್ ನಿಜವಾಗಿ ಏನು ಮಾಡುತ್ತಾರೆ?

ಈ ಸಾಲು ನೋಡಿ:

```
if (age > 60) discount = 25;
```

45 ಮತ್ತು 70 ವಯಸ್ಸು ಕೊಟ್ಟು ನೋಡಿದರೆ ಎರಡೂ ಸರಿಯಾಗಿಯೇ ಬರುತ್ತವೆ. ತಪ್ಪು ಅಡಗಿರುವುದು ಗಡಿಯಲ್ಲಿ. ಆದ್ದರಿಂದ 59, 60, 61 ಮೂರನ್ನೂ ಕೊಡಬೇಕು. 60ಕ್ಕೆ ರಿಯಾಯಿತಿ ಸಿಗದೆ ಬಗ್ ಹೊರಬೀಳುತ್ತದೆ. `>` ಇದ್ದ ಕಡೆ `>=` ಬರಬೇಕಿತ್ತು. ಇನ್ನು ವಯಸ್ಸಿನ ಜಾಗ ಖಾಲಿ ಬಿಟ್ಟರೆ? 0, –5, 600 ಹಾಕಿದರೆ? ಒಂದೇ ಟಿಕೆಟ್‌ನಲ್ಲಿ 62ರ ಅಜ್ಜಿ, 8ರ ಮೊಮ್ಮಗಳು ಇಬ್ಬರೂ ಇದ್ದರೆ ರಿಯಾಯಿತಿ ಅಜ್ಜಿಯ ಸೀಟಿಗೆ ಮಾತ್ರ ಬೀಳುತ್ತದೆಯೇ?

ಬಗ್ ಬರೆಯುವಾಗ ‘ರಿಯಾಯಿತಿ ಬರುತ್ತಿಲ್ಲ’ ಎಂದಷ್ಟೇ ಬರೆದರೆ ಡೆವಲಪರ್ 70 ಹಾಕಿ ನೋಡಿ, ‘ನನ್ನ ಹತ್ತಿರ ಬರುತ್ತಿದೆ’ ಎಂದು ಮುಚ್ಚಿಬಿಡುತ್ತಾರೆ. ಬಿಲ್ಡ್ ಸಂಖ್ಯೆ, ಕೊಟ್ಟ ವಯಸ್ಸು, ಬರಬೇಕಿದ್ದ ಮೊತ್ತ, ಬಂದ ಮೊತ್ತ ನಾಲ್ಕೂ ಇರಲಿ: 400 ರೂಪಾಯಿ ಟಿಕೆಟ್, ವಯಸ್ಸು 60, ಬರಬೇಕಿದ್ದದ್ದು 300, ಬಂದದ್ದು 400.

ಹಾಗಾದರೆ ಕ್ಯೂಸಿಯಲ್ಲಿ ಹೆಚ್ಚಿನದೇನಿದೆ?

ಓಡಿಸದೆಯೇ ಮಾಡುವ ಪರಿಶೀಲನೆ ಇದೆ: ಈ ಕೋಡನ್ನು, ಪರದೆಯ ಮೇಲಿನ ಕನ್ನಡ ಪಠ್ಯವನ್ನು ಓದಿ ನೋಡುವುದು. ಜೊತೆಗೆ ತೀರ್ಮಾನವೂ ಇದೆ. ಟೆಸ್ಟರ್ ಸ್ಥಿತಿ ತಿಳಿಸುತ್ತಾರೆ. ಆ ಸ್ಥಿತಿಯಲ್ಲಿ ಬಿಲ್ಡ್ ಹೊರಗೆ ಹೋಗಬಹುದೇ ಎಂಬುದನ್ನು ಮೊದಲೇ ಬರೆದಿಟ್ಟ ಅಳತೆಗೆ ಹಿಡಿದು ನೋಡಬೇಕು. ನಮ್ಮ ಅಳತೆ ಇಷ್ಟು: ಹಣ ಅಥವಾ ಸೀಟಿಗೆ ಸಂಬಂಧಿಸಿದ ಒಂದು ಬಗ್ ಕೂಡ ಬಾಕಿ ಇರಬಾರದು; ಸರಿಮಾಡಿದ ಪ್ರತಿ ಬಗ್ಗನ್ನು ಮತ್ತೆ ಟೆಸ್ಟ್ ಮಾಡಿರಬೇಕು; ಆ ತಿದ್ದುಪಡಿಯಿಂದ ಪಾವತಿ, ರದ್ದತಿ, ಹಣ ವಾಪಸಾತಿ ಕೆಟ್ಟಿಲ್ಲವೆಂದು ರಿಗ್ರೆಷನ್ ಟೆಸ್ಟ್ ತೋರಿಸಿರಬೇಕು. ಬಿಡುಗಡೆಯ ಸಂಜೆ ಕೂತು ಅಳತೆ ಬರೆದರೆ ಅದು ಕೈಯಲ್ಲಿರುವ ಬಿಲ್ಡಿಗೆ ತಕ್ಕಂತೆಯೇ ಇರುತ್ತದೆ.

ಕ್ಯೂಎ ಅಂದರೆ ಬರೀ ಕಾಗದಪತ್ರವೇ?

ಕೆಟ್ಟದಾಗಿ ಮಾಡಿದರೆ ಹೌದು. ಸರಿಯಾಗಿ ಮಾಡಿದರೆ ಅದರ ಕೆಲಸ ಕೋಡಿಗಿಂತ ಮುಂಚೆಯೇ ಶುರು. ‘ಹಿರಿಯ ನಾಗರಿಕರಿಗೆ ಶೇ 25 ರಿಯಾಯಿತಿ’ ಎಂಬ ಒಂದೇ ಸಾಲಿನ ಬೇಡಿಕೆಯನ್ನು ಹಾಗೇ ಡೆವಲಪರ್ ಕೈಗೆ ಕೊಡಬಾರದು. 60 ಸೇರಿದೆಯೇ? ವಯಸ್ಸನ್ನು ಬುಕ್ ಮಾಡಿದ ದಿನಕ್ಕೆ ಲೆಕ್ಕ ಹಾಕಬೇಕೇ, ಪ್ರಯಾಣದ ದಿನಕ್ಕೇ? ಇಂದು 59, ಹೊರಡುವ ದಿನ 60 ಆಗುವವರೂ ಇರುತ್ತಾರೆ. 345 ರೂಪಾಯಿಗೆ ಶೇ 25 ಕಳೆದರೆ 258.75, ಇದನ್ನು 258 ಮಾಡಬೇಕೇ, 259 ಮಾಡಬೇಕೇ? ಇವಕ್ಕೆ ಉತ್ತರ ಬರೆಯದೆ ಕೋಡ್ ಶುರುಮಾಡುವ ಹಾಗಿಲ್ಲ ಎಂಬ ನಿಯಮವೇ ಕ್ಯೂಎ.

ಅದೇ ರೀತಿ, ಗಡಿಯ ಬಗ್ ಈ ರಿಯಾಯಿತಿಯಲ್ಲಿ ಬಂತು, ಮುಂದೆ ಲಗೇಜ್ ದರದಲ್ಲೂ ಬಂತು ಎನ್ನಿ. ಎರಡನ್ನೂ ತಿದ್ದಿದರೆ ಕ್ಯೂಸಿ ಮುಗಿಯಿತು. ಯಾಕೆ ಮತ್ತೆ ಮತ್ತೆ ಬರುತ್ತಿದೆ ಎಂದು ಕೇಳಿ, ಕೋಡ್ ರಿವ್ಯೂ ಚೆಕ್‌ಲಿಸ್ಟ್‌ಗೆ ‘ಗಡಿಯ ಸಂಖ್ಯೆ ಸೇರಿದೆಯೇ?’ ಎಂಬ ಸಾಲು ಸೇರಿಸುವುದು ಕ್ಯೂಎ.

ಟೆಸ್ಟಿಂಗ್ ಚೆನ್ನಾಗಿದ್ದರೆ ಸಾಲದೇ?

ಸಾಲದು. 2012ರ ಆಗಸ್ಟ್ 1ರಂದು ಅಮೆರಿಕದ ಷೇರು ವಹಿವಾಟು ಸಂಸ್ಥೆ ನೈಟ್ ಕ್ಯಾಪಿಟಲ್ ಸುಮಾರು 45 ನಿಮಿಷಗಳಲ್ಲಿ 40 ಕೋಟಿ ಡಾಲರ್‌ಗೂ ಹೆಚ್ಚು ಕಳೆದುಕೊಂಡಿತು. ಹೊಸ ಕೋಡನ್ನು 8 ಸರ್ವರ್‌ಗಳಿಗೆ ಹಾಕಬೇಕಿತ್ತು, ಒಂದಕ್ಕೆ ಹಾಕಿರಲಿಲ್ಲ. ಅದರಲ್ಲಿ ಉಳಿದಿದ್ದ ಹಳೆಯ ಕೋಡ್ ಎದ್ದು ಕೂತು ಲೆಕ್ಕವಿಲ್ಲದೆ ಆರ್ಡರ್ ಕಳಿಸತೊಡಗಿತು. ಕೋಡ್ ಹಾಕಿದ್ದನ್ನು ಇನ್ನೊಬ್ಬರು ನೋಡಲೇಬೇಕು ಎಂಬ ಲಿಖಿತ ಕ್ರಮ ಅಲ್ಲಿರಲಿಲ್ಲ. ಹೊಸ ಕೋಡನ್ನು ಎಷ್ಟು ಸಲ ಟೆಸ್ಟ್ ಮಾಡಿದ್ದರೂ, ಅದು ತಲುಪದೇ ಇದ್ದ ಸರ್ವರ್ ಆ ಟೆಸ್ಟ್‌ಗಳಲ್ಲಿ ಕಾಣುತ್ತಿರಲಿಲ್ಲ.

ಚಿಕ್ಕ ತಂಡದಲ್ಲಿ ಮೂವರನ್ನು ಎಲ್ಲಿಂದ ತರುವುದು?

ತರಬೇಕಿಲ್ಲ, ಮೂರೂ ಕೆಲಸವನ್ನು ಒಬ್ಬರೇ ಮಾಡಬಹುದು. ಆದರೆ ತಾನು ಬರೆದ ಕೋಡಿಗೆ ತಾನೇ ಒಪ್ಪಿಗೆ ಹಾಕುವಂತಿಲ್ಲ. ಐದು ಜನರ ತಂಡದಲ್ಲೂ ಇದೊಂದನ್ನು ಪಾಲಿಸಬಹುದು.